ಕಿರಾಣಿ ದುಡ್ಡಿಗೆ ಮದುವೆ ಖರ್ಚು ಕೈಹಾಕದಂತೆ ಸಂಬಳ ಹಂಚುವುದು ಹೇಗೆ?

ಪ್ರಶ್ನೆ: ನಾವು ಕಲಬುರಗಿಯಲ್ಲಿದ್ದೇವೆ, ಮದುವೆಯಾಗಿ ವರ್ಷ ತುಂಬಿಲ್ಲ. ನನಗೆ ಲ್ಯಾಬ್ ಕೆಲಸದಿಂದ 1ನೇ ತಾರೀಖಿಗೆ 19,000, ನಮ್ಮ ಮನೆಯವರಿಗೆ 7ಕ್ಕೆ 24,000 ಕೈಗೆ ಬರುತ್ತದೆ. ಬಾಡಿಗೆ 8,500, ಬೈಕ್ ಕಂತು 3,200, ಆಳಂದ ಕಡೆ ಊರಲ್ಲಿರುವ ಅತ್ತೆ-ಮಾವನವರಿಗೆ 4,000. ಆದರೂ 20ರ ಹೊತ್ತಿಗೆ ಕೈ ಖಾಲಿ. ಕಿರಾಣಿ ಅಂಗಡಿಯಲ್ಲಿ 3,500 ಉದ್ರಿ ಇದೆ. ಲಕೋಟೆಗಳಲ್ಲಿ ದುಡ್ಡು ಹಂಚಿಡುವ ಪದ್ಧತಿ ಒಂದು ತಿಂಗಳು ಮಾಡಿದೆವು. ಎರಡನೇ ತಿಂಗಳು ಎರಡು ಮದುವೆ ಬಂದವು, ಕಿರಾಣಿ ಲಕೋಟೆಯಿಂದ ತೆಗೆದೆವು, ಅಲ್ಲಿಗೆ ಬಿಟ್ಟುಹೋಯಿತು. ಈಗೆಲ್ಲ ಫೋನಿನಲ್ಲೇ ದುಡ್ಡು ಕೊಡುತ್ತೇವೆ. ಜನವರಿಯಿಂದ ಮತ್ತೆ ಶುರು ಮಾಡಬೇಕೆಂದಿದ್ದೇವೆ. ಇದು ನಮ್ಮಂಥವರಿಗೆ ಆಗುವ ಕೆಲಸವೇ?

ಉತ್ತರ: ಆಗುತ್ತದೆ. ನಿಮ್ಮ ಲೆಕ್ಕ ನೋಡಿದರೆ ಬಾಡಿಗೆ, ಕಂತು, ಊರಿಗೆ ಕೊಡುವುದು ಮೂರೂ ಸೇರಿ 15,700. ಗ್ಯಾಸು, ಲೈಟು, ರೀಚಾರ್ಜು, ಇಂಟರ್‌ನೆಟ್ಟಿಗೆ 1,900 ಹಿಡಿಯೋಣ. ಒಟ್ಟು 17,600, ಅಂದರೆ 43,000ದಲ್ಲಿ ನೂರಕ್ಕೆ ನಲವತ್ತೊಂದು ಪಾಲು. ಇದು ಹೆಚ್ಚಲ್ಲ. ಈ ಪಾಲು ಅರವತ್ತು ದಾಟಿದ್ದರೆ ಲಕೋಟೆ ಬಿಡಿ, ಮೊದಲು ಬಾಡಿಗೆ ಅಥವಾ ಸಾಲ ಇಳಿಸುವ ದಾರಿ ನೋಡಿ ಎನ್ನುತ್ತಿದ್ದೆ. ನಿಮಗೆ ಆ ಸ್ಥಿತಿ ಇಲ್ಲ.

ಎರಡನೇ ತಿಂಗಳಿಗೆ ನಿಮ್ಮ ಪ್ರಯತ್ನ ಮುರಿದದ್ದು ನಿಮ್ಮ ಕೈ ಬಿಗಿಯಿಲ್ಲದ್ದಕ್ಕಲ್ಲ. ಮದುವೆ ಖರ್ಚಿಗೆ ಲಕೋಟೆಯೇ ಇರಲಿಲ್ಲ. ಹೊಸ ಸಂಸಾರಗಳ ಲೆಕ್ಕದಲ್ಲಿ ನಾನು ಹೆಚ್ಚಾಗಿ ಕಾಣುವುದು ಇದನ್ನೇ. ತಿಂಗಳು ತಿಂಗಳು ಬರುವ ಖರ್ಚಿಗೆಲ್ಲ ಒಂದೊಂದು ಲಕೋಟೆ ಇರುತ್ತದೆ. ವರ್ಷಕ್ಕೆ ಒಂದು ಸಲವೋ ನಾಲ್ಕು ಸಲವೋ ಬರುವ ಖರ್ಚಿಗೆ ಏನೂ ಇರುವುದಿಲ್ಲ. ಅದು ಬಂದಾಗ ಎದುರಿಗೆ ದಪ್ಪಗಿರುವ ಲಕೋಟೆ ಕಿರಾಣಿಯದು, ಕೈ ಅಲ್ಲಿಗೇ ಹೋಗುತ್ತದೆ. ಹಾಗಾಗಿ ನಾನು ವರ್ಷದ ಲಕೋಟೆಯಿಂದಲೇ ಶುರು ಮಾಡುತ್ತೇನೆ.

ಒಂದು ಭಾನುವಾರ ಇಬ್ಬರೂ ಕುಳಿತು ಬರುವ ಡಿಸೆಂಬರ್‌ವರೆಗಿನ ಕ್ಯಾಲೆಂಡರ್ ತಿರುವಿ ಹಾಕಿ. ಯುಗಾದಿ, ಹೋಳಿಯಾದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆ, ನಾಗರಪಂಚಮಿ, ದಸರಾ, ದೀಪಾವಳಿ, ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗುವುದು, ಇವಕ್ಕೆಲ್ಲ ಬಟ್ಟೆಬರೆ ಸೇರಿ 9,000 ಎಂದಿಟ್ಟುಕೊಳ್ಳಿ. ತಪ್ಪಿಸಲಾಗದ ಮದುವೆಗಳು ಎಂಟು, ಆಹೇರಿ, ಮುಯ್ಯಿ, ಬಸ್ ಚಾರ್ಜು ಎಲ್ಲ ಸೇರಿ ಒಂದಕ್ಕೆ 1,500ರಂತೆ 12,000. ಬೈಕಿನ ಇನ್ಶೂರೆನ್ಸು, ಸರ್ವೀಸು 4,800. ಬೇಸಿಗೆಗೆ 3,000. ಎಲ್ಲ ಕೂಡಿದರೆ 28,800, ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 2,400. ಈ ಅಂಕಿಗಳು ನನ್ನ ಅಂದಾಜು. ನಿಮ್ಮ ಬಂಧುಬಳಗ ಎಷ್ಟು ದೊಡ್ಡದೋ ನಿಮಗೇ ಗೊತ್ತು, ಅದಕ್ಕೆ ತಕ್ಕಂತೆ ಬದಲಿಸಿ.

ಬೇಸಿಗೆಯ ಬಾಬ್ತನ್ನು ಬೇರೆ ಊರಿನವರು ಬರೆಯುವುದಿಲ್ಲ, ನಾವು ಬರೆಯಲೇಬೇಕು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಕೂಲರ್ ಇಲ್ಲದೆ ನಿದ್ದೆ ಬರುವುದಿಲ್ಲ. 180 ವ್ಯಾಟಿನ ಕೂಲರ್ ದಿನಕ್ಕೆ ಹನ್ನೆರಡು ಗಂಟೆ ಓಡಿದರೆ ಎರಡು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು, ತಿಂಗಳಿಗೆ 65ರ ಆಸುಪಾಸು. ಗೃಹಜ್ಯೋತಿ ಇದೆಯಲ್ಲ ಎಂದು ಸುಮ್ಮನಿರಬೇಡಿ. ಆ ಯೋಜನೆಯಲ್ಲಿ ಪ್ರತಿ ಮನೆಗೂ ಅದರದೇ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದು ಮಿತಿ ಇರುತ್ತದೆ, ಅದರ ಮೇಲೆ ಉರಿಸಿದ ಯೂನಿಟ್ಟಿಗೆ ನೀವೇ ಕಟ್ಟಬೇಕು. ಬಳಕೆ 200 ಯೂನಿಟ್ ದಾಟಿತೆಂದರೆ ಪೂರ್ತಿ ಬಿಲ್ಲೇ ನಿಮ್ಮದು. ಇಬ್ಬರ ಮನೆ ಕೂಲರ್ ಹಾಕಿದರೂ 200 ದಾಟುವುದು ಅಪರೂಪ, ಏಸಿ ಹಾಕಿಸಿದರೆ ಸುಲಭವಾಗಿ ದಾಟುತ್ತದೆ. ಕೂಲರಿನ ಹುಲ್ಲು ಬದಲಿಸುವುದು, ಪಂಪು ಕೆಟ್ಟರೆ ಹೊಸದು ಹಾಕಿಸುವುದು ಏಪ್ರಿಲ್ ಮೊದಲ ವಾರದ ಖರ್ಚು.

ಹನ್ನೆರಡರಿಂದ ಭಾಗಿಸಿದರೆ ಲೆಕ್ಕ ಮುಗಿಯಲಿಲ್ಲ ಎಂಬುದು ಇಲ್ಲಿನ ಸೂಕ್ಷ್ಮ. ನಿಮ್ಮ ಖರ್ಚು ವರ್ಷಪೂರ್ತಿ ಸಮನಾಗಿ ಬರುವುದಿಲ್ಲ, ಮಾರ್ಚಿನಿಂದ ಮೇವರೆಗೆ ಒಟ್ಟೊಟ್ಟಿಗೆ ಬರುತ್ತದೆ. ಜನವರಿಯಿಂದ 2,400ರಂತೆ ಹಾಕುತ್ತ ಹೋಗಿ ನೋಡೋಣ. ಮಾರ್ಚಿನ ಹೊತ್ತಿಗೆ 7,200 ಕೂಡಿರುತ್ತದೆ. ಯುಗಾದಿ, ಜಾತ್ರೆಗೆ 3,000 ಹೋದರೆ 4,200 ಉಳಿಯಿತು. ಏಪ್ರಿಲ್‌ನಲ್ಲಿ ಇನ್ನೊಂದು 2,400 ಸೇರಿ 6,600. ಎರಡು ಮದುವೆಗೆ 3,000, ಕೂಲರಿಗೆ 2,000 ತೆಗೆದರೆ ಉಳಿದದ್ದು 1,600. ಮೇನಲ್ಲಿ ಅದು 4,000 ಆಗುತ್ತದೆ, ಆದರೆ ಆ ತಿಂಗಳು ಮೂರು ಮದುವೆಗೆ 4,500, ಹೆಚ್ಚಿನ ಲೈಟ್ ಬಿಲ್ಲಿಗೆ 1,000, ಒಟ್ಟು 5,500 ಬೇಕು. 1,500 ಕಡಿಮೆ ಬಿತ್ತು. ಆಗ ಮತ್ತೆ ಕಿರಾಣಿ ಲಕೋಟೆ ತೆರೆಯುತ್ತೀರಿ, ಮತ್ತೆ ಪದ್ಧತಿ ಮುರಿಯುತ್ತದೆ. ಅದಕ್ಕೆ ಮೊದಲ ಐದು ತಿಂಗಳು 300 ಹೆಚ್ಚಿಗೆ ಸೇರಿಸಿ 2,700 ಹಾಕಿ. ಐದು ಸಲದಲ್ಲಿ 13,500 ಆಗುತ್ತದೆ, ಮೇ ಕೊನೆಯವರೆಗಿನ ಖರ್ಚಿಗೆ ಸರಿಹೋಗುತ್ತದೆ. ಜೂನಿನಿಂದ 2,200 ಸಾಕು. ಯಾವ ತಿಂಗಳು ಶುರು ಮಾಡಿದರೂ ಮುಂದಿನ ದೊಡ್ಡ ಖರ್ಚಿನ ಗುಂಪಿಗೆ ಎಷ್ಟು ತಿಂಗಳು ಉಳಿದಿವೆ ಎಂದು ಎಣಿಸಿ ಭಾಗಿಸಬೇಕು, ಬರೀ ಹನ್ನೆರಡರಿಂದಲ್ಲ.

ಈ ದುಡ್ಡು ಮನೆಯಲ್ಲಿಡಬೇಡಿ. ಇಬ್ಬರಲ್ಲಿ ಒಬ್ಬರ ಹೆಸರಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ಉಳಿತಾಯ ಖಾತೆ ಇದ್ದೇ ಇರುತ್ತದೆ. ಅದನ್ನು ಇದಕ್ಕೆ ಮೀಸಲಿಡಿ, ಫೋನಿನ ಪೇಮೆಂಟ್ ಆ್ಯಪಿಗೆ ಮಾತ್ರ ಜೋಡಿಸಬೇಡಿ. ಮದುವೆಯ ಹಿಂದಿನ ದಿನ ಎಟಿಎಮ್ಮಿಗೆ ಹೋಗಿ ತರುವಷ್ಟು ತೊಂದರೆ ಇರಲಿ. ಊರಿಂದ ಜೋಳ, ತೊಗರಿ ಬರದೆ ನೀವೇ ಸುಗ್ಗಿಯಲ್ಲಿ ಒಂದು ಚೀಲ ತುಂಬಿಸುವವರಾದರೆ ಅದೂ ವರ್ಷದ ಪಟ್ಟಿಗೇ ಸೇರಬೇಕು. ಫೆಬ್ರವರಿಯ ಕಿರಾಣಿ ಲಕೋಟೆ ವರ್ಷದ ಜೋಳದ ಭಾರ ಹೊರಲಾರದು.

ಇನ್ನು ತಿಂಗಳ ಲಕೋಟೆಗಳು. ಬಾಡಿಗೆ, ಕಂತು, ಊರಿನ ದುಡ್ಡಿಗೆ ಲಕೋಟೆ ಬೇಡ. ಅವುಗಳ ಮೊತ್ತ ಮೊದಲೇ ಗೊತ್ತಿದೆ, ಸಂಬಳ ಬಿದ್ದ ದಿನ ಖಾತೆಯಿಂದಲೇ ಹೋಗಲಿ. ದಿನಾ ಎಷ್ಟು ಕೊಡಬೇಕೆಂದು ನೀವು ನಿಂತ ಜಾಗದಲ್ಲೇ ತೀರ್ಮಾನಿಸುವ ಖರ್ಚಿಗೆ ಮಾತ್ರ ಲಕೋಟೆ ಬೇಕು. ಕಿರಾಣಿಗೆ 5,500, ಹಾಲಿಗೆ 1,500, ಕಾಯಿಪಲ್ಲೆಗೆ 3,000, ಪೆಟ್ರೋಲಿಗೆ 2,500, ಹೊರಗಿನ ಊಟ-ತಿರುಗಾಟಕ್ಕೆ 2,000, ಔಷಧಿಗೆ 800. ಏಳನೆಯದಕ್ಕೆ 1,000 ಇಟ್ಟು ಅದರ ಮೇಲೆ ‘ಬಂದುಹೋಗುವವರು’ ಎಂದು ಬರೆಯಿರಿ. ಆಳಂದ, ಜೇವರ್ಗಿ, ಚಿಂಚೋಳಿ ಕಡೆಯ ಬಂಧುಗಳು ದವಾಖಾನೆಗೋ ಕಚೇರಿ ಕೆಲಸಕ್ಕೋ ಕಲಬುರಗಿಗೆ ಬಂದರೆ ನಿಮ್ಮ ಮನೆಗೇ ಇಳಿಯುತ್ತಾರೆ, ಇಳಿಯಲೂ ಬೇಕು. ಅವರಿಗೆ ಹೆಚ್ಚಿಗೆ ಬೇಯಿಸಿದ ಅಡುಗೆಯ ಖರ್ಚು ಇಲ್ಲಿಂದ ಬರಲಿ. ಇದಿಲ್ಲದಿದ್ದರೆ ನಾಲ್ಕು ದಿನದ ಅತಿಥಿ ಹೋದ ಮೇಲೆ ಗಂಡ-ಹೆಂಡತಿ ನಡುವೆ ಯಾರ ಕಡೆಯವರು ಎಂಬ ಮಾತು ಏಳುತ್ತದೆ. ಅದನ್ನು ಏಳಗೊಡಬೇಡಿ.

ಕಾಯಿಪಲ್ಲೆಯ 3,000ವನ್ನು ನಾಲ್ಕು ವಾರಕ್ಕೆ 750ರಂತೆ ಹಂಚುವವರು ಕೊನೆಯ ಎರಡು ಮೂರು ದಿನ ಬರಿಗೈಯಲ್ಲಿ ಇರುತ್ತಾರೆ, ತಿಂಗಳೆಂದರೆ ನಾಲ್ಕು ವಾರವಲ್ಲ. ಐದು ಪಾಲು ಮಾಡಿ, ವಾರಕ್ಕೆ 600. ಐದನೇ ವಾರ ಅರ್ಧವೇ ಇರುವುದರಿಂದ ಅದರಲ್ಲಿ ಒಂದಿಷ್ಟು ಉಳಿಯುತ್ತದೆ, ಅದು ಹಿಂದಿನ ವಾರಗಳಲ್ಲಿ ಹೆಚ್ಚಾದದ್ದನ್ನು ತುಂಬಿಕೊಡುತ್ತದೆ. ಕಣ್ಣಿ ಮಾರ್ಕೆಟ್ಟಿಗೆ ಹೋಗುವಾಗ ಆ ವಾರದ 600 ಮಾತ್ರ ಒಯ್ಯಿರಿ.

ಇಬ್ಬರ ಸಂಬಳ ಬೇರೆ ಬೇರೆ ದಿನ ಬರುವುದು ನಿಮಗೆ ಅನುಕೂಲವೇ. 1ನೇ ತಾರೀಖು ನಿಮ್ಮ 19,000ದಲ್ಲಿ ಬಾಡಿಗೆ 8,500 ಹೋಯಿತು, ಕಿರಾಣಿ, ಹಾಲು, ಕಾಯಿಪಲ್ಲೆಗೆ 10,000 ಹೋಯಿತು, ಉಳಿದ 500 ಮೊದಲ ವಾರದ ಪೆಟ್ರೋಲಿಗೆ. 7ಕ್ಕೆ ಅವರ 24,000 ಬಂದಾಗ ಕಂತು 3,200, ಊರಿಗೆ 4,000, ಗ್ಯಾಸು-ಲೈಟು-ಫೋನಿಗೆ 1,900, ವರ್ಷದ ಖಾತೆಗೆ 2,700, ಆರ್‌ಡಿಗೆ 4,000. ಅದರ ಮೇಲೆ ಪೆಟ್ರೋಲಿನ ಉಳಿದ 2,000, ಹೊರಗಿನ ಊಟದ 2,000, ಔಷಧಿಯ 800, ಬಂದುಹೋಗುವವರ 1,000, ಇಬ್ಬರ ಕೈಖರ್ಚಿಗೆ ತಲಾ 1,200. ಒಂದು ರೂಪಾಯಿಯೂ ಹೆಸರಿಲ್ಲದೆ ಉಳಿಯುವುದಿಲ್ಲ. ಬೈಕಿನ ಕಂತು 5ಕ್ಕೆ ಕಟ್ ಆಗುವಂತಿದ್ದರೆ ಸಾಲ ಕೊಟ್ಟವರಿಗೆ ಅರ್ಜಿ ಕೊಟ್ಟು 10ರ ಆಸುಪಾಸಿಗೆ ಬದಲಿಸಿಕೊಡಲು ಕೇಳಿ. ಖಾತೆ ಖಾಲಿಯಿದ್ದಾಗ ಕಂತು ವಾಪಸಾದರೆ ಬ್ಯಾಂಕಿನ ದಂಡ ಬೇರೆ, ಸಾಲ ಕೊಟ್ಟವರ ದಂಡ ಬೇರೆ.

ಈ ಹಂಚಿಕೆಯಲ್ಲಿ ಒಂದನ್ನು ಕಣ್ಣಿಟ್ಟು ನೋಡಿ. ನಿಮ್ಮ ಸಂಬಳವೆಲ್ಲ ಬಾಡಿಗೆ ಮತ್ತು ಅಡುಗೆಮನೆಗೆ ಕರಗಿತು. ಅವರ ಸಂಬಳದಿಂದ ಬೈಕು ಬಂತು, ಉಳಿತಾಯ ಆಯಿತು. ತಾರೀಖಿನ ಅನುಕೂಲಕ್ಕೆ ಮಾಡಿದ ಏರ್ಪಾಡು ಹತ್ತು ವರ್ಷವಾದ ಮೇಲೆ ‘ನಾನು ಕೂಡಿಟ್ಟೆ, ನೀನು ಖರ್ಚು ಮಾಡಿದೆ’ ಎಂಬ ಮಾತಾಗಿ ನಿಂತದ್ದನ್ನು ನಾನು ಕಂಡಿದ್ದೇನೆ. ಅದಕ್ಕೆ ಆರ್‌ಡಿಯನ್ನು ನಿಮ್ಮ ಹೆಸರಲ್ಲೇ ತೆರೆಯಿರಿ, ಇಲ್ಲವೇ ಜಂಟಿಯಾಗಿ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು. ನಿಮಗೆ ಸದ್ಯ ಬೇಕಿರುವುದು ಕೈಗೆ ಬೇಗ ಸಿಗುವ ಆಪತ್ತಿನ ದುಡ್ಡು, ಹಾಗಾಗಿ ಬ್ಯಾಂಕಿನಲ್ಲಿ ಒಂದು ವರ್ಷದ್ದು ಸಾಕು. ಹನ್ನೆರಡು ಕಂತಿಗೆ 48,000 ಮತ್ತು ಬಡ್ಡಿ ಆಗುತ್ತದೆ. ನಿಮ್ಮ ತಪ್ಪದ ಖರ್ಚು, ಅಂದರೆ ಮೊದಲು ಹೇಳಿದ 17,600, ಅಡುಗೆಮನೆಯ 10,000 ಮತ್ತು ಪೆಟ್ರೋಲು ಸೇರಿದರೆ ತಿಂಗಳಿಗೆ 30,100. ಇಬ್ಬರಲ್ಲಿ ಒಬ್ಬರ ಕೆಲಸ ನಿಂತರೂ ಇನ್ನೊಬ್ಬರ ಸಂಬಳದ ಜೊತೆ ಸೇರಿ ಈ 48,000 ನಾಲ್ಕು ತಿಂಗಳಿಗೆ ಆಸರೆಯಾಗುತ್ತದೆ. ಅವರ ಕೆಲಸ ಹೋದರೆ ತಿಂಗಳಿಗೆ 11,100 ಕಡಿಮೆ ಬೀಳುತ್ತದೆ, ನಿಮ್ಮದು ಹೋದರೆ 6,100.

ಫೋನಿನ ವಿಷಯ. ಎಲ್ಲ ಖರ್ಚನ್ನೂ ಒಂದೇ ಖಾತೆಯಿಂದ ಸ್ಕ್ಯಾನ್ ಮಾಡುತ್ತಿದ್ದರೆ ಯಾವುದಕ್ಕೆ ಎಷ್ಟು ಉಳಿದಿದೆ ಎಂಬುದು ತಿಳಿಯುವುದೇ ಇಲ್ಲ. ಪರದೆಯ ಮೇಲೆ ಕಾಣುವ 9,000ದಲ್ಲಿ ಕಂತು ಇದೆ, ಊರಿನ ದುಡ್ಡು ಇದೆ, ಗ್ಯಾಸು ಇದೆ. ಕಣ್ಣಿಗೆ ಮಾತ್ರ 9,000 ಇದ್ದಂತೆ ಕಾಣುತ್ತದೆ. ಅದಕ್ಕೆ ಏಳು ಲಕೋಟೆಗಳೂ ನಗದಾಗಿಯೇ ಇರಲಿ ಎನ್ನುತ್ತೇನೆ, ಕನಿಷ್ಠ ಮೊದಲ ಆರು ತಿಂಗಳು. ಎಟಿಎಮ್ಮಿನಲ್ಲಿ ಐನೂರರ ನೋಟೇ ಹೆಚ್ಚು ಬರುತ್ತವೆ, ಬ್ಯಾಂಕಿನ ಕೌಂಟರಿನಲ್ಲಿ ನೂರು, ಇನ್ನೂರರ ನೋಟು ಕೇಳಿ ತನ್ನಿ. ಚಿಲ್ಲರೆ ಇಲ್ಲದೆ ಒಂದು ಲಕೋಟೆಯ ನೋಟು ಮುರಿದು ಇನ್ನೊಂದಕ್ಕೆ ಸೇರಿಸತೊಡಗಿದರೆ ಲೆಕ್ಕ ಅಲ್ಲೇ ಕಲಸಿಹೋಗುತ್ತದೆ.

ಕೈಖರ್ಚಿನ 1,200 ಮಾತ್ರ ಫೋನಿನಲ್ಲಿರಲಿ. ಇದಕ್ಕೆ ಯುಪಿಐ ಲೈಟ್ ಚೆನ್ನಾಗಿ ಹೊಂದುತ್ತದೆ. ಅದರಲ್ಲಿ ಒಮ್ಮೆಗೆ 5,000ದವರೆಗೆ ತುಂಬಿಡಬಹುದು, ಒಂದು ಪೇಮೆಂಟ್ 1,000 ದಾಟುವಂತಿಲ್ಲ, ಪಿನ್ ಒತ್ತಬೇಕಿಲ್ಲ. 7ಕ್ಕೆ ಒಂದೇ ಸಲ 1,200 ತುಂಬಿ. ಖಾಲಿಯಾದರೆ ತಾನೇ ತುಂಬಿಕೊಳ್ಳುವ ಸೌಲಭ್ಯವನ್ನು ಮಾತ್ರ ಆಫ್ ಮಾಡಿಡಬೇಕು, ಅದು ಆನ್ ಇದ್ದರೆ ಅದಕ್ಕೆ ತಳವೇ ಇರುವುದಿಲ್ಲ. ಈ 1,200ದ ಲೆಕ್ಕವನ್ನು ಒಬ್ಬರನ್ನೊಬ್ಬರು ಕೇಳಬೇಡಿ. ಅವರು ಗೆಳೆಯರ ಜೊತೆ ಚಹಾ-ಮಿರ್ಚಿ ತಿನ್ನಲಿ, ನೀವು ಸೂಪರ್ ಮಾರ್ಕೆಟ್ಟಿನಲ್ಲಿ ಬಳೆ ಕೊಳ್ಳಿ. ಈ ಸ್ವಾತಂತ್ರ್ಯ ಇಲ್ಲದ ಮನೆಗಳಲ್ಲಿ ಸಣ್ಣ ಖರ್ಚು ಕದ್ದುಮುಚ್ಚಿ ನಡೆಯುತ್ತದೆ, ಕಾಯಿಪಲ್ಲೆ ಲಕೋಟೆಯಿಂದಲೇ ನಡೆಯುತ್ತದೆ.

ಲಕೋಟೆ ಮನೆಯಲ್ಲಿ ಮರೆತು ಕಿರಾಣಿಗೆ ಫೋನಿನಿಂದ 180 ಕೊಟ್ಟಿರಿ ಎಂದುಕೊಳ್ಳಿ. ಅದೇ ಸಂಜೆ ಕಿರಾಣಿ ಲಕೋಟೆಯಿಂದ 180 ತೆಗೆದು ಬೇರೆ ಒಂದು ಡಬ್ಬಿಗೆ ಹಾಕಿ. ಮುಂದಿನ ತಿಂಗಳು ನಗದು ತರುವಾಗ ಆ ಡಬ್ಬಿಯಲ್ಲಿದ್ದಷ್ಟು ಕಡಿಮೆ ತನ್ನಿ. ಸಂಜೆಯೇ ಮಾಡಬೇಕು, ಮೂರು ದಿನ ಕಳೆದರೆ ಯಾವ 180 ಎಂಬುದು ಇಬ್ಬರಿಗೂ ನೆನಪಿರುವುದಿಲ್ಲ.

ಒಂದು ಲಕೋಟೆಯಿಂದ ಇನ್ನೊಂದಕ್ಕೆ ತೆಗೆಯುವುದು ಪಾಪವಲ್ಲ. ಎರಡು ಕಟ್ಟಲೆ ಸಾಕು. ತೆಗೆದಾಗ ಒಂದು ಚೀಟಿಯಲ್ಲಿ ಬರೆದು ಖಾಲಿಯಾದ ಲಕೋಟೆಯೊಳಗೆ ಹಾಕಿ, ‘14ನೇ ತಾರೀಖು, ಹೊರಗಿನ ಊಟದಿಂದ ಔಷಧಿಗೆ 300’ ಎಂದು. ವರ್ಷದ ಖಾತೆಗೆ ಮಾತ್ರ ತಿಂಗಳ ಖರ್ಚಿಗಾಗಿ ಕೈಹಾಕಬೇಡಿ. ತಿಂಗಳ ಕೊನೆಗೆ ಚೀಟಿಗಳೇ ನಿಮಗೆ ವಿಷಯ ಹೇಳುತ್ತವೆ. ಒಂದೇ ಲಕೋಟೆಯಲ್ಲಿ ಎರಡು ತಿಂಗಳು ಒಂದೇ ಹೊತ್ತಿಗೆ ಚೀಟಿ ಬಿದ್ದರೆ ನೀವು ದುಂದು ಮಾಡಿದ್ದೀರಿ ಎಂದಲ್ಲ, ಇಟ್ಟ ಮೊತ್ತವೇ ಕಡಿಮೆ. ಕಿರಾಣಿ ಎರಡು ತಿಂಗಳೂ 22ಕ್ಕೆ ಮುಗಿದರೆ 5,500ವನ್ನು 6,200ಕ್ಕೆ ಏರಿಸಿ, ಆ 700ವನ್ನು ಎಲ್ಲಿಂದ ತರುವುದೆಂದು ಅವತ್ತೇ ತೀರ್ಮಾನಿಸಿ. ಒಂದು ತಿಂಗಳು ಕಿರಾಣಿ, ಇನ್ನೊಂದು ತಿಂಗಳು ಪೆಟ್ರೋಲು, ಮತ್ತೊಂದು ತಿಂಗಳು ಔಷಧಿ ಹೀಗೆ ಬೇರೆ ಬೇರೆ ಕಡೆ ಚೀಟಿ ಬಿದ್ದರೆ ಮೊತ್ತಗಳು ಸರಿಯಿವೆ, ಸುಮ್ಮನಿರಿ. ಚೀಟಿಯೇ ಇಲ್ಲದೆ ಲಕೋಟೆ ಖಾಲಿಯಾಗಿದ್ದರೆ ಮಾತ್ರ ಇಬ್ಬರೂ ಕುಳಿತು ಮಾತಾಡಬೇಕು.

ಅವರಿಗೆ ಇನ್ಸೆಂಟಿವ್ ಬರುವುದಿದ್ದರೆ ಅದನ್ನು ಈ 43,000ದಲ್ಲಿ ಸೇರಿಸಬೇಡಿ. ಬಂದ ತಿಂಗಳು ನೇರ ವರ್ಷದ ಖಾತೆಗೆ ಹಾಕಿ.

ಇನ್ನು ಆ ಉದ್ರಿ. ಅದನ್ನು ಹಾಗೇ ಇಟ್ಟುಕೊಂಡು ಲಕೋಟೆ ಶುರು ಮಾಡಿದರೆ ಏನಾಗುತ್ತದೆಂದರೆ, ಜನವರಿಯ ಕಿರಾಣಿ ಲಕೋಟೆ ಡಿಸೆಂಬರಿನ ಅಕ್ಕಿ-ಎಣ್ಣೆಗೆ ಹೋಗುತ್ತದೆ, 15ರ ಹೊತ್ತಿಗೆ ಮತ್ತೆ ಉದ್ರಿ ಬರೆಸುತ್ತೀರಿ. ಖಾತೆ ಪುಸ್ತಕ ಇದ್ದಷ್ಟು ದಿನ ಲಕೋಟೆ ಖಾಲಿಯಾದದ್ದು ನಿಮಗೆ ತಟ್ಟುವುದೇ ಇಲ್ಲ. ಅದಕ್ಕೆ ಜನವರಿಯ ಆರ್‌ಡಿ ಕಟ್ಟಬೇಡಿ. 7ಕ್ಕೆ ಆ 4,000ದಲ್ಲಿ 3,500 ಒಯ್ದು ಅಂಗಡಿಯವರಿಗೆ ಕೊಟ್ಟು, ಪುಸ್ತಕದಲ್ಲಿ ನಿಮ್ಮ ಹಾಳೆ ಹೊಡೆಸಿ, ಇನ್ನುಮುಂದೆ ನಮಗೆ ಉದ್ರಿ ಬರೆಯಬೇಡಿ ಎಂದು ನೀವೇ ಹೇಳಿ ಬನ್ನಿ. 1ರಿಂದ 7ರವರೆಗಿನ ಸಾಮಾನನ್ನು ಹೊಸ ಲಕೋಟೆಯಿಂದ ನಗದು ಕೊಟ್ಟು ತಂದಿರಬೇಕು. ಮಿಕ್ಕ 500 ಬಂದುಹೋಗುವವರ ಲಕೋಟೆಗೆ ಸೇರಲಿ, ಎಳ್ಳಮವಾಸ್ಯೆ-ಸಂಕ್ರಾಂತಿಯ ಸುಮಾರಿಗೆ ಮನೆಗೆ ಜನ ಹೆಚ್ಚು. ಆರ್‌ಡಿಯನ್ನು ಫೆಬ್ರವರಿ 8ರಂದು ತೆರೆಯಿರಿ, ಪ್ರತಿ ತಿಂಗಳು 8ಕ್ಕೇ ಕಟ್ ಆಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ.